ಒಂದೇ ಚಿನ್ನಕ್ಕೆ ಎರಡು ಬೆಲೆ: ಮನೆಯ ಒಡವೆಗಳ ಮೌಲ್ಯಮಾಪನ ಮಾಡಿಸಿದ ಅನುಭವ

2025ರ ಜುಲೈ ತಿಂಗಳಲ್ಲಿ ನಮ್ಮ ಮನೆಗೆ ಒಂದೇ ವಾರದ ಅಂತರದಲ್ಲಿ ಎರಡು ಕಾಗದಗಳು ಬೇಕಾದವು. ಮಗಳು ಉನ್ನತ ವ್ಯಾಸಂಗಕ್ಕೆ ಹೊರದೇಶಕ್ಕೆ ಹೊರಟಿದ್ದಳು. ಅವಳ ವೀಸಾ ಅರ್ಜಿಯ ಜೊತೆಗೆ ನಮ್ಮ ಆಸ್ತಿಯ ನಿವ್ವಳ ಮೌಲ್ಯವನ್ನು ದೃಢೀಕರಿಸಿ ಚಾರ್ಟರ್ಡ್ ಅಕೌಂಟೆಂಟ್ ಕೊಡುವ ನೆಟ್‌ವರ್ತ್ ಪ್ರಮಾಣಪತ್ರವನ್ನು ಲಗತ್ತಿಸಬೇಕಿತ್ತು. ಅದೇ ಹೊತ್ತಿಗೆ ಬಸವನಗುಡಿಯ ನಮ್ಮ ಮನೆಯ ವಿಮೆ ನವೀಕರಣಕ್ಕೆ ಬಂದಿತ್ತು, ಈ ಸಲ ಒಡವೆಗಳನ್ನೂ ಅದರಲ್ಲಿ ಸೇರಿಸಬೇಕೆಂದು ನಿರ್ಧರಿಸಿದ್ದೆವು. ಎರಡಕ್ಕೂ ಚಿನ್ನದ ಬೆಲೆ ಬೇಕು, ಚಿನ್ನ ಅದೇ, ಹಾಗಿರುವಾಗ ಒಂದು ಸಲ ತೂಗಿಸಿ ದರದಿಂದ ಗುಣಿಸಿದರೆ ಮುಗಿಯಿತು ಎಂದುಕೊಂಡಿದ್ದೆ. ಕೊನೆಗೆ ನನ್ನ ಕೈಗೆ ಬಂದದ್ದು ಎರಡು ಬೇರೆ ಬೇರೆ ಮೊತ್ತಗಳು. ಎರಡೂ ಸರಿಯಾದವು. ಅವು ಏಕೆ ಬೇರೆ ಎಂಬುದನ್ನು ತಿಳಿಯುವುದಕ್ಕೆ ನನಗೆ ಸುಮಾರು ಮೂರು ವಾರ ಹಿಡಿಯಿತು.

ಒಡವೆಗಳು ಒಟ್ಟು ನಾಲ್ಕು. 2014ರಲ್ಲಿ ಕೊಂಡ ನಾಲ್ಕು ಬಳೆಗಳ ಒಂದು ಜೊತೆ, ಹಳೆಯ ಕರಿಮಣಿ ಸರವನ್ನು ಕೊಟ್ಟು 2023ರಲ್ಲಿ ಹೊಸದಾಗಿ ಮಾಡಿಸಿದ ಎರಡೆಳೆಯ ಕರಿಮಣಿ ಸರ, ನಮ್ಮಮ್ಮ 1989ರಲ್ಲಿ ಮಾಡಿಸಿಕೊಂಡಿದ್ದ ಕೆಂಪಿನ ಕಲ್ಲಿನ ಹಾರ, ಮತ್ತು 1965ರಲ್ಲಿ ಅವರ ಮದುವೆಗೆ ತವರಿನಿಂದ ಹಾಕಿದ್ದ ಒಂದು ಉದ್ದನೆಯ ಸರ. ನಮ್ಮ ಮನೆಯವರು ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ನಾಲ್ಕನ್ನೂ ತೂಗಿ, ಒಟ್ಟು 153.3 ಗ್ರಾಮನ್ನು ಅಂದಿನ 22 ಕ್ಯಾರೆಟ್ ದರದಿಂದ ಗುಣಿಸಿ, ಹದಿನಾಲ್ಕು ಲಕ್ಷದ ನಾಲ್ಕು ಸಾವಿರ ಚಿಲ್ಲರೆ ಎಂದು ಡೈರಿಯಲ್ಲಿ ಬರೆದಿಟ್ಟರು. ಆ ದಿನಗಳಲ್ಲಿ 24 ಕ್ಯಾರೆಟ್ ಚಿನ್ನದ ದರ ಗ್ರಾಮಿಗೆ ಹತ್ತು ಸಾವಿರದ ಆಸುಪಾಸಿನಲ್ಲಿತ್ತು. ಇಲ್ಲಿನ ಲೆಕ್ಕವನ್ನು ಓದುವವರು ಸುಲಭವಾಗಿ ಹಿಂಬಾಲಿಸಲೆಂದು ನಾನು ಅದನ್ನು ದುಂಡಾಗಿ 10,000 ರೂಪಾಯಿ ಎಂದೂ, 22 ಕ್ಯಾರೆಟ್ ದರವನ್ನು ಅದರ ಶೇಕಡ 91.6ರಂತೆ 9,160 ರೂಪಾಯಿ ಎಂದೂ ಇಟ್ಟುಕೊಂಡು ಬರೆಯುತ್ತಿದ್ದೇನೆ.

ಡೈರಿಯ ಆ ಮೊತ್ತವನ್ನು ಹಿಡಿದು ನಾವು ಮೊದಲು ಹೋದದ್ದು ಪರಿಚಯದ ಒಂದು ಆಭರಣ ಮಳಿಗೆಗೆ. ಅದು ನಮ್ಮ ತಪ್ಪು ಹೆಜ್ಜೆಯಾಗಿತ್ತು. ಅಲ್ಲಿಯವರು ಬಳೆಗಳನ್ನಷ್ಟೇ ತೂಗಿ, 48.2 ಗ್ರಾಮನ್ನು 9,160ರಿಂದ ಗುಣಿಸಿ, ಬಂದದ್ದನ್ನು ಮತ್ತೆ 0.916ರಿಂದ ಗುಣಿಸಿ, ಅದರಲ್ಲಿ ಕರಗಿಸುವ ಸವಕಳಿಯೆಂದು ಶೇಕಡ 2 ಕಳೆದು, ಮೂರು ಲಕ್ಷದ ತೊಂಬತ್ತಾರು ಸಾವಿರ ಎಂದು ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಮನೆಗೆ ಬಂದು ಆ ಚೀಟಿಯನ್ನು ಬಿಡಿಸಿ ನೋಡಿದಾಗ ತಪ್ಪು ಕಾಣಿಸಿತು. 22 ಕ್ಯಾರೆಟ್ ದರವೆಂದರೆ ಶುದ್ಧತೆಯ ಕಡಿತವನ್ನು ಆಗಲೇ ಮಾಡಿ ಇಳಿಸಿದ ದರ. ಆ ದರದಿಂದ ಗುಣಿಸಿದ ಮೇಲೆ ಮತ್ತೆ 0.916ರಿಂದ ಗುಣಿಸಿದರೆ ಒಂದೇ ಕಡಿತವನ್ನು ಎರಡು ಸಲ ಮಾಡಿದಂತೆ. ಬಳೆಗಳ ಚಿನ್ನದ ಬೆಲೆ ಅಂದು 4,41,512 ರೂಪಾಯಿ ಆಗಬೇಕಿತ್ತು. ಎರಡನೆಯ ಸಲದ ಗುಣಾಕಾರವೊಂದೇ ಅದರಲ್ಲಿ 37,000 ರೂಪಾಯಿಯನ್ನು ತಿಂದುಹಾಕಿತ್ತು. ಲೆಕ್ಕ ಹಾಕುವವರು ಯಾವ ದಾರಿಯನ್ನಾದರೂ ಹಿಡಿಯಬಹುದು: ಕಲ್ಲು, ಮಣಿಗಳನ್ನು ಕಳೆದ ನಿವ್ವಳ ತೂಕವನ್ನು ಶುದ್ಧತೆಯಿಂದ ಗುಣಿಸಿ ಅಪ್ಪಟ ಚಿನ್ನವನ್ನು ಕಂಡುಹಿಡಿದು 24 ಕ್ಯಾರೆಟ್ ದರ ಹಾಕುವುದು ಒಂದು, ನಿವ್ವಳ ತೂಕಕ್ಕೆ ನೇರವಾಗಿ 22 ಕ್ಯಾರೆಟ್ ದರ ಹಾಕುವುದು ಇನ್ನೊಂದು. ಎರಡನ್ನೂ ಬೆರೆಸುವ ಹಾಗಿಲ್ಲ.

ಆ ಚೀಟಿಯಲ್ಲಿದ್ದ ಸವಕಳಿಯ ಕಡಿತವೂ ನಮ್ಮ ಉದ್ದೇಶಕ್ಕೆ ಸಲ್ಲುವಂಥದ್ದಾಗಿರಲಿಲ್ಲ. ಹಳೆಯ ಒಡವೆಯನ್ನು ಕೊಂಡು ಕರಗಿಸುವ ವ್ಯಾಪಾರಿಗೆ ಸ್ವಲ್ಪ ಚಿನ್ನ ನಷ್ಟವಾಗುತ್ತದೆ, ಅವರ ಲಾಭವೂ ಅದರಲ್ಲೇ ಸೇರಿರುತ್ತದೆ. ಅದು ಕೊಳ್ಳುವವರ ಬೆಲೆ. ಮಾರುವ ಯೋಚನೆಯೇ ಇಲ್ಲದ ಒಡವೆಗೆ ಕೊಳ್ಳುವವರಿಂದ ಬೆಲೆ ಕಟ್ಟಿಸಬಾರದು ಎಂಬ ಮಾತನ್ನು ನಮ್ಮ ಲೆಕ್ಕಪರಿಶೋಧಕರು ಮರುದಿನವೇ ಹೇಳಿದರು. ಸಂಪತ್ತು ತೆರಿಗೆ ಕಾಯ್ದೆಯ 34ಎಬಿ ವಿಧಿಯಡಿ ನೋಂದಾಯಿತರಾದ ಆಭರಣ ಮೌಲ್ಯಮಾಪಕರೊಬ್ಬರ ಹತ್ತಿರ ಅವರು ನಮ್ಮನ್ನು ಕಳಿಸಿದರು. ಆ ತೆರಿಗೆಯೇ 2015ರ ಬಜೆಟ್ಟಿನಲ್ಲಿ ರದ್ದಾಗಿದ್ದರೂ, ಅದರಡಿ ನೋಂದಾಯಿತರಾದ ಮೌಲ್ಯಮಾಪಕರ ವರದಿ ಇಂಥ ಕೆಲಸಗಳಿಗೆ ಇಂದಿಗೂ ಬಳಕೆಯಲ್ಲಿದೆ.

ಮೌಲ್ಯಮಾಪಕರು ಅರವತ್ತು ದಾಟಿದವರು, ಹಿಂದೆ ತಾವೇ ಕುಸುರಿ ಕೆಲಸ ಮಾಡಿದವರು. ನಾಲ್ಕೂ ಒಡವೆಗಳನ್ನು ಬಿಳಿಯ ಬಟ್ಟೆಯ ಮೇಲೆ ಹರವಿ ಬಹಳ ಹೊತ್ತು ನೋಡಿದರು. ಅವರ ಮೊದಲ ಪ್ರಶ್ನೆ, "ಅಮ್ಮಾ, ಈ ವರದಿ ಯಾರಿಗೆ ಕೊಡೋದಕ್ಕೆ?" ಎಂಬುದಾಗಿತ್ತು. ವೀಸಾಕ್ಕೂ ವಿಮೆಗೂ ಎಂದೆ. "ಹಾಗಾದರೆ ಎರಡು ವರದಿ ಬೇಕಾಗುತ್ತೆ. ತೂಕ, ಟಚ್ಚು ಎರಡಕ್ಕೂ ಒಂದೇ. ಬೆಲೆ ಮಾತ್ರ ಬೇರೆ," ಎಂದರು. ಟಚ್ಚು ಎಂದರೆ ಶುದ್ಧತೆ. ಚಿನ್ನದ ಕೆಲಸದವರ ಬಾಯಲ್ಲಿ ಅದೇ ಮಾತು. ಮೊದಲು ಶುದ್ಧತೆಯನ್ನು ಭಾರತೀಯ ಮಾನಕ ಬ್ಯೂರೋದ, ಅಂದರೆ ಬಿಐಎಸ್‌ನ, ಮಾನ್ಯತೆ ಪಡೆದ ಹಾಲ್‌ಮಾರ್ಕಿಂಗ್ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿಕೊಂಡು ಬರುವಂತೆ ಹೇಳಿದರು. ಸಾಮಾನ್ಯ ಗ್ರಾಹಕರೂ ತಮ್ಮ ಒಡವೆಯನ್ನು ಅಲ್ಲಿಗೆ ಒಯ್ದು ಪರೀಕ್ಷೆ ಮಾಡಿಸಬಹುದು, ನಾಲ್ಕು ಒಡವೆಗಳವರೆಗೆ ಶುಲ್ಕ 200 ರೂಪಾಯಿ ಎಂಬುದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ.

ನಗರತ್‌ಪೇಟೆಯ ಇಕ್ಕಟ್ಟಾದ ಗಲ್ಲಿಯೊಂದರ ಮೇಲ್ಮಹಡಿಯಲ್ಲಿದ್ದ ಆ ಕೇಂದ್ರದಲ್ಲಿ ಎರಡು ಒಡವೆಗಳ ಕೆಲಸ ಬೇಗ ಮುಗಿಯಿತು. ಕರಿಮಣಿ ಸರದ ಕೊಂಡಿಯ ಮೇಲೆ ಅಕ್ಷರ ಮತ್ತು ಅಂಕಿಗಳು ಸೇರಿದ ಆರು ಚಿಹ್ನೆಗಳ, ಒಂದೊಂದು ಒಡವೆಗೂ ಬೇರೆಯಾಗಿರುವ ಎಚ್‌ಯುಐಡಿ ಎಂಬ ಗುರುತಿನ ಸಂಖ್ಯೆ ಇತ್ತು. ಅದನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದಾಗ ಒಡವೆಯ ವಿಧವೂ 916 ಎಂಬ ಶುದ್ಧತೆಯೂ ತೆರೆಯ ಮೇಲೆ ಬಂದವು. ಬಳೆಗಳು ಎಚ್‌ಯುಐಡಿ ಪದ್ಧತಿ ಬರುವುದಕ್ಕೆ ಬಹಳ ಹಿಂದಿನವು, ಆ ಪದ್ಧತಿ ಶುರುವಾದದ್ದು 2021ರ ಜುಲೈ 1ರಂದು. ಆದರೆ ಅವುಗಳ ಒಳಮೈಯಲ್ಲಿ ಬಿಐಎಸ್‌ನ ತ್ರಿಕೋನ ಚಿಹ್ನೆ, 916, ಪರೀಕ್ಷಾ ಕೇಂದ್ರದ ಗುರುತು, ವ್ಯಾಪಾರಿಯ ಗುರುತು ಎಲ್ಲವೂ ಸ್ಪಷ್ಟವಾಗಿದ್ದವು. ಹಳೆಯ ಹಾಲ್‌ಮಾರ್ಕ್ ಈಗಲೂ ಮಾನ್ಯ, ಅದಕ್ಕಾಗಿ ಮತ್ತೆ ಮುದ್ರೆ ಹಾಕಿಸುವ ಅಗತ್ಯವಿಲ್ಲ. ಶುದ್ಧತೆಯನ್ನು ಅಳೆಯುವ ಕ್ಯಾರೆಟ್ ಮೀಟರಿನಲ್ಲಿಯೂ ಎರಡೂ ಹೇಳಿದಂತೆಯೇ ಬಂದವು.

ಅಮ್ಮನ ಮದುವೆಯ ಸರದ ಸರದಿ ಬಂದಾಗ ನಾನು ನಿಶ್ಚಿಂತಳಾಗಿದ್ದೆ. ನಮ್ಮ ಮನೆಯಲ್ಲಿ ಅದನ್ನು ಯಾವಾಗಲೂ ಅಪರಂಜಿಯೆಂದೇ ಕರೆಯುತ್ತಿದ್ದರು. ಈಗಿನ ಚಿನ್ನವೆಲ್ಲ ಬೆರಕೆ, ಆ ಕಾಲದ್ದು ಅಚ್ಚ ಚಿನ್ನ ಎಂದು ಅಜ್ಜಿ ಹೇಳುತ್ತಿದ್ದುದು ನನಗೆ ನೆನಪಿದೆ. ಯಂತ್ರ ಶೇಕಡ 66.2 ಎಂದು ತೋರಿಸಿತು. ಅಲ್ಲಿನ ತಂತ್ರಜ್ಞರು ಇನ್ನೊಂದು ಜಾಗದಲ್ಲಿ ನೋಡಿ, ಸರದ ಹಿಂಬದಿಯಲ್ಲಿ ಮೂರು ಕಡೆ ಕೂದಲೆಳೆಯಷ್ಟು ಉಜ್ಜುವುದಕ್ಕೆ ನನ್ನಿಂದ ಒಪ್ಪಿಗೆಯ ಸಹಿ ಪಡೆದರು. ಉಜ್ಜಿದ ಮೇಲೆ ಬಂದ ಅಂಕಿಗಳು 58.1, 57.6 ಮತ್ತು 58.3. ಸರಾಸರಿ ಶೇಕಡ 58.

ಮೊದಲ ಅಂಕಿ ಏಕೆ ಹೆಚ್ಚು ಬಂದಿತು ಎಂಬುದನ್ನು ಅವರು ವಿವರಿಸಿದರು. ಕ್ಯಾರೆಟ್ ಮೀಟರ್ ಎಂದು ನಾವು ಕರೆಯುವ ಯಂತ್ರ ಎಕ್ಸ್‌ರೇ ಕಿರಣವನ್ನು ಹಾಯಿಸಿ, ಲೋಹ ಮರಳಿ ಹೊಮ್ಮಿಸುವ ಕಿರಣದಿಂದ ಅದರಲ್ಲಿ ಏನೇನು ಎಷ್ಟೆಷ್ಟಿದೆ ಎಂದು ಅಳೆಯುತ್ತದೆ. ಆದರೆ ಅದಕ್ಕೆ ಕಾಣಿಸುವುದು ಮೇಲ್ಮೈಯ ಕೆಲವು ಮೈಕ್ರಾನುಗಳಷ್ಟು ಆಳ ಮಾತ್ರ. ಹಳೆಯ ಒಡವೆಯನ್ನು ಹಲವಾರು ಸಲ ಹುಳಿಯಲ್ಲಿ ಅದ್ದಿ ಬಣ್ಣ ಬರಿಸಿದ್ದರೆ ಮೇಲ್ಪದರದ ತಾಮ್ರ, ಬೆಳ್ಳಿಗಳು ಕರಗಿಹೋಗಿ ಚಿನ್ನದ ಅಂಶ ಹೆಚ್ಚಾಗಿ ಕಾಣುತ್ತದೆ. ಚಿನ್ನದ ಮುಲಾಮು ಹಾಕಿಸಿದ್ದರೂ ಹಾಗೆಯೇ. ಉಜ್ಜುವ ಮೊದಲಿನ ಅಂಕಿಗೂ ಉಜ್ಜಿದ ಮೇಲಿನ ಅಂಕಿಗೂ ಇಷ್ಟು ಅಂತರ ಬಂದರೆ ಎರಡನೆಯದನ್ನೇ ನಂಬಬೇಕು. ಇದಕ್ಕಿಂತ ಖಚಿತವಾದದ್ದು ಬೆಂಕಿಯಲ್ಲಿ ಕರಗಿಸಿ ಮಾಡುವ ಪರೀಕ್ಷೆ. ಅದಕ್ಕೆ ಒಡವೆಯ ಒಂದು ತುಣುಕನ್ನು ಕತ್ತರಿಸಿ ಕೊಡಬೇಕು. ಅಮ್ಮನ ಸರವನ್ನು ಕತ್ತರಿಸಲು ನನಗೆ ಮನಸ್ಸಾಗಲಿಲ್ಲ, ಅದರ ಅಗತ್ಯವೂ ಇಲ್ಲವೆಂದು ಮೌಲ್ಯಮಾಪಕರು ಹೇಳಿದರು.

ವರದಿಯನ್ನು ಅವರಿಗೆ ತೋರಿಸಿದಾಗ ಅವರು ಆಶ್ಚರ್ಯಪಡಲಿಲ್ಲ. "ಮದುವೆ ಯಾವ ವರ್ಷ?" ಎಂದು ಕೇಳಿದರು. 1965 ಎಂದಾಗ, "ಸರಿಯಾಗಿಯೇ ಇದೆ ಬಿಡಿ, ಇದು ಹದಿನಾಲ್ಕು ಕ್ಯಾರೆಟ್ ಕಾಲದ್ದು," ಎಂದರು. 1963ರ ಜನವರಿಯಲ್ಲಿ, ಮೊರಾರ್ಜಿ ದೇಸಾಯಿಯವರು ಹಣಕಾಸು ಸಚಿವರಾಗಿದ್ದಾಗ, ಜಾರಿಗೆ ಬಂದ ಚಿನ್ನ ನಿಯಂತ್ರಣ ನಿಯಮಗಳು 14 ಕ್ಯಾರೆಟ್ಟಿಗಿಂತ ಹೆಚ್ಚು ಶುದ್ಧತೆಯ ಹೊಸ ಒಡವೆ ಮಾಡುವುದನ್ನು ನಿಷೇಧಿಸಿದ್ದವು. ಆ ನಿರ್ಬಂಧ 1966ರಲ್ಲಿ ಸಡಿಲವಾಯಿತು. ಆ ನಡುವಿನ ಮೂರು ವರ್ಷಗಳಲ್ಲಿ ಎಷ್ಟೋ ಅಕ್ಕಸಾಲಿಗರು ಕೆಲಸವಿಲ್ಲದೆ ಕಷ್ಟಪಟ್ಟರು, ಕೆಲಸ ಮಾಡಿದವರಲ್ಲಿ ಕೆಲವರು ಕಾನೂನಿಗೆ ತಲೆಬಾಗಿ 14 ಕ್ಯಾರೆಟ್ಟಿನಲ್ಲೇ ಮಾಡಿದರು. 14 ಕ್ಯಾರೆಟ್ಟೆಂದರೆ ಶೇಕಡ 58.5, ನಮ್ಮದು ಬೆಸುಗೆಗಳಿಂದಾಗಿ ಅದಕ್ಕಿಂತ ಒಂದಿಷ್ಟು ಇಳಿದಿತ್ತು. ಹಳೆಯದೆಂದರೆ ಶುದ್ಧವೆಂದು ನಂಬಿಕೊಂಡ ನಮ್ಮ ಮನೆಯ ಲೆಕ್ಕ ಆ ಒಂದೇ ಸರದಲ್ಲಿ 92,000 ರೂಪಾಯಿಗಿಂತ ಹೆಚ್ಚು ಏರಿಹೋಗಿತ್ತು. ಅರವತ್ತರ ದಶಕದ ಮದುವೆಯ ಒಡವೆ ಮನೆಯಲ್ಲಿದ್ದವರು, ಮದುವೆಯ ವರ್ಷ ಈ ಮೂರು ವರ್ಷಗಳೊಳಗೆ ಬರುತ್ತದೆಯೇ ಎಂದು ಮೊದಲು ನೋಡಿಕೊಳ್ಳುವುದು ಒಳ್ಳೆಯದು. ನನಗಂತೂ ಅಜ್ಜಿಯ ಮೇಲೆ ಬೇಸರವಾಗಲಿಲ್ಲ. ಆ ಹೊತ್ತಿನಲ್ಲಿ ಮಗಳಿಗೆ ಅಷ್ಟು ಹಾಕುವುದಕ್ಕೆ ಅವರು ಏನೆಲ್ಲ ಒದಗಿಸಿದ್ದರೋ ಎಂದು ಯೋಚಿಸಿದೆ.

ಹೆಚ್ಚು ಹೊತ್ತು ಹಿಡಿದದ್ದು ಕೆಂಪಿನ ಹಾರ. ಅದರ ಒಟ್ಟು ತೂಕ 41.6 ಗ್ರಾಂ. ಕಲ್ಲುಗಳನ್ನು ಹಿಂಬದಿ ಮುಚ್ಚಿದ ಗೂಡುಗಳಲ್ಲಿ ಕುಂದಣದ ಕೆಲಸದಿಂದ ಕೂರಿಸಿತ್ತು, ಗೂಡುಗಳ ಒಳಗೆ ಅರಗು ತುಂಬಿತ್ತು. ಅರಗು ಒಡವೆಗೆ ಗಟ್ಟಿತನ ಕೊಡುತ್ತದೆ, ತೆಳುವಾದ ತಗಡು ನಗ್ಗದಂತೆ ಕಾಯುತ್ತದೆ. ಆದರೆ ತಕ್ಕಡಿಯಲ್ಲಿ ಅದೂ ಚಿನ್ನದ ಜೊತೆಗೇ ತೂಗುತ್ತದೆ. ಬಿಚ್ಚದೆ ಅದನ್ನು ನಿಖರವಾಗಿ ತಿಳಿಯಲು ದಾರಿಯಿಲ್ಲ. ಅದೃಷ್ಟಕ್ಕೆ ಅಮ್ಮ 1989ರ ಕೈಬರಹದ ಚೀಟಿಯನ್ನು ಹಾರದ ಡಬ್ಬಿಯಲ್ಲಿಯೇ ಮಡಚಿಟ್ಟಿದ್ದರು. ಅದರಲ್ಲಿ ಕಲ್ಲು 24 ಕ್ಯಾರೆಟ್, ನಿವ್ವಳ ಚಿನ್ನ 32.5 ಗ್ರಾಂ ಎಂದಿತ್ತು. ಇಲ್ಲಿ ಒಂದು ಗೊಂದಲಕ್ಕೆ ಎಡೆಯಿದೆ: ಕಲ್ಲಿನ ಕ್ಯಾರೆಟ್ ತೂಕದ ಅಳತೆ, ಚಿನ್ನದ ಕ್ಯಾರೆಟ್ ಶುದ್ಧತೆಯ ಅಳತೆ. ಕಲ್ಲಿನ ಒಂದು ಕ್ಯಾರೆಟ್ 0.2 ಗ್ರಾಮಿಗೆ ಸಮ, ಹಾಗಾಗಿ 24 ಕ್ಯಾರೆಟ್ ಕಲ್ಲಿನ ತೂಕ 4.8 ಗ್ರಾಂ. ಒಟ್ಟು ತೂಕದಿಂದ ಕಲ್ಲನ್ನೂ ಚಿನ್ನವನ್ನೂ ಕಳೆದರೆ ಉಳಿಯುವ 4.3 ಗ್ರಾಂ ಅರಗು. ಮೌಲ್ಯಮಾಪಕರು ಚೀಟಿಯನ್ನು ಕಣ್ಣುಮುಚ್ಚಿ ಒಪ್ಪಿಕೊಳ್ಳಲಿಲ್ಲ. ಕಲ್ಲುಗಳನ್ನು ಎಣಿಸಿ, ಅಳತೆಕಡ್ಡಿಯಿಂದ ಅವುಗಳ ಅಗಲವನ್ನು ಅಳೆದು, ತಮ್ಮ ಅಂದಾಜು ಚೀಟಿಗೆ ಹತ್ತಿರ ಬಂದ ಮೇಲೆ ಆ ಅಂಕಿಗಳನ್ನು ಬಳಸಿದರು. ಚೀಟಿ ಇಲ್ಲದಿದ್ದರೆ ಕಲ್ಲು ಮತ್ತು ಅರಗಿನ ತೂಕವನ್ನು 'ಅಂದಾಜು' ಎಂದು ವರದಿಯಲ್ಲಿ ಸ್ಪಷ್ಟವಾಗಿ ಬರೆಯುತ್ತಿದ್ದೆ ಎಂದರು. ಆ ಒಂದು ಪದ ಇರಬೇಕಾದ ಕಡೆ ಇಲ್ಲದ ವರದಿಯನ್ನು ನಾನು ಇನ್ನು ಮುಂದೆ ಒಪ್ಪಿಕೊಳ್ಳಲಾರೆ.

ಕಲ್ಲುಗಳ ವಿಷಯದಲ್ಲಿಯೂ ನಮ್ಮ ನಂಬಿಕೆ ಅಲುಗಿತು. ಭೂತಗನ್ನಡಿಯಲ್ಲಿ ನೋಡಿದಾಗ ಹಲವು ಕೆಂಪುಗಳ ಒಳಗೆ ಬಾಗಿದ ಗೆರೆಗಳೂ ಸಣ್ಣ ಗಾಳಿಗುಳ್ಳೆಗಳೂ ಕಂಡವು. ಗಣಿಯಲ್ಲಿ ಹುಟ್ಟಿದ ಮಾಣಿಕ್ಯದಲ್ಲಿ ಬೆಳವಣಿಗೆಯ ಗೆರೆಗಳು ನೇರವಾಗಿಯೋ ಕೋನವಾಗಿಯೋ ಇರುತ್ತವೆ. ಬಾಗಿದ ಗೆರೆಗಳಿದ್ದರೆ ಅದು ಕುಲುಮೆಯ ಜ್ವಾಲೆಯಲ್ಲಿ ಕರಗಿಸಿ ಬೆಳೆಸಿದ ಕೃತಕ ಕಲ್ಲು. ಫ್ರಾನ್ಸಿನ ವೆರ್ನೊಯಿ ಎಂಬ ರಸಾಯನಶಾಸ್ತ್ರಜ್ಞ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರೂಪಿಸಿದ ಆ ವಿಧಾನದ ಕಲ್ಲುಗಳು ನಮ್ಮ ದಕ್ಷಿಣದ ಹಳೆಯ ಒಡವೆಗಳಲ್ಲಿ ಧಾರಾಳವಾಗಿ ಸಿಗುತ್ತವೆ. ಎಲ್ಲ ಕಲ್ಲುಗಳಿಗೂ ಸೇರಿ ಅವರು ಹಾಕಿದ ಬೆಲೆ 15,000 ರೂಪಾಯಿ, ಅದೂ ವಿಮೆಯ ವರದಿಗೆ ಮಾತ್ರ. ನೆಟ್‌ವರ್ತ್ ವರದಿಯಲ್ಲಿ ಕಲ್ಲಿನ ಅಂಕಣವನ್ನು ಸೊನ್ನೆ ಮಾಡಿದರು. ಹಾರದ ಚಿನ್ನದ ಶುದ್ಧತೆ ಶೇಕಡ 87.5, ಅಂದರೆ 21 ಕ್ಯಾರೆಟ್. ಕುಂದಣದ ಒಡವೆಗೆ ಇಂದಿಗೂ ಹಾಲ್‌ಮಾರ್ಕ್ ಕಡ್ಡಾಯವಲ್ಲದ ಕಾರಣ ಅದರ ಮೇಲೆ ಯಾವ ಮುದ್ರೆಯೂ ಇಲ್ಲದಿರುವುದು ಸಹಜವೆಂದೂ ಅವರು ಸೇರಿಸಿದರು.

ಕರಿಮಣಿ ಸರದಲ್ಲಿ ಕಳೆಯಬೇಕಾದದ್ದು ಮಣಿಗಳ ತೂಕ. ಒಟ್ಟು 36 ಗ್ರಾಮಿನಲ್ಲಿ ಮಣಿ ಮತ್ತು ದಾರ ಸೇರಿ 5.6 ಗ್ರಾಂ ಹೋಗಿ ನಿವ್ವಳ 30.4 ಗ್ರಾಂ ಉಳಿಯಿತು. 2023ರ ಬಿಲ್ಲಿನಲ್ಲಿ ಒಟ್ಟು ತೂಕ, ನಿವ್ವಳ ತೂಕ ಎರಡೂ ಬೇರೆ ಬೇರೆಯಾಗಿ ಇದ್ದುದರಿಂದ ಇಲ್ಲಿ ಚರ್ಚೆಯೇ ಬರಲಿಲ್ಲ.

ಹೀಗೆ 153.3 ಗ್ರಾಂ ಒಟ್ಟು ತೂಕದಿಂದ ಕಲ್ಲು, ಅರಗು, ಮಣಿಗಳನ್ನು ಕಳೆದ ಮೇಲೆ ನಿವ್ವಳ ತೂಕ 138.6 ಗ್ರಾಮಿಗೆ ಇಳಿಯಿತು. ಆಮೇಲೆ ಒಂದೊಂದು ಒಡವೆಗೂ ಅದರದೇ ಶುದ್ಧತೆಯನ್ನು ಹಾಕಿದಾಗ ಅಪ್ಪಟ ಚಿನ್ನ ಬಳೆಗಳಲ್ಲಿ 44.15, ಮದುವೆಯ ಸರದಲ್ಲಿ 15.95, ಹಾರದಲ್ಲಿ 28.44, ಕರಿಮಣಿ ಸರದಲ್ಲಿ 27.85, ಎಲ್ಲ ಸೇರಿ ಸುಮಾರು 116.39 ಗ್ರಾಂ ಆಯಿತು. ಗ್ರಾಮಿಗೆ 10,000ದಂತೆ ಇದರ ಬೆಲೆ 11,63,851 ರೂಪಾಯಿ. ನೆಟ್‌ವರ್ತ್ ವರದಿಯಲ್ಲಿ ಬಂದ ಮೊತ್ತ ಇದೇ. ಡೈರಿಯ ಮೊತ್ತಕ್ಕಿಂತ ಇದು ಎರಡು ಲಕ್ಷದ ನಲವತ್ತು ಸಾವಿರ ಕಡಿಮೆ.

ದರವನ್ನು ಎಲ್ಲಿಂದ ತೆಗೆದುಕೊಳ್ಳಬೇಕೆಂಬುದರಲ್ಲಿಯೂ ಮೌಲ್ಯಮಾಪಕರು ಬಿಗಿಯಾಗಿದ್ದರು. ಅಂತರ್ಜಾಲದಲ್ಲಿ ಕಾಣುವ ದರಗಳಲ್ಲಿ ಕೆಲವು ಶೇಕಡ 3ರ ಜಿಎಸ್‌ಟಿ ಸೇರಿಸಿದವು, ಕೆಲವು ಸೇರಿಸದವು. ಅವರು ಬಳಸಿದ್ದು ಇಂಡಿಯಾ ಬುಲಿಯನ್ ಆ್ಯಂಡ್ ಜ್ಯುವೆಲರ್ಸ್ ಅಸೋಸಿಯೇಷನ್ ಪ್ರಕಟಿಸುವ, ತೆರಿಗೆಯೂ ಮಜೂರಿಯೂ ಸೇರದ 999 ಶುದ್ಧತೆಯ, ಅಂದರೆ 24 ಕ್ಯಾರೆಟ್ ಚಿನ್ನದ ದರವನ್ನು; ವರದಿಯಲ್ಲಿ ಆ ದರದ ಮೂಲವನ್ನೂ ದಿನಾಂಕವನ್ನೂ ಬರೆದರು. ಈ ದರ ಹತ್ತು ಗ್ರಾಮಿನ ಲೆಕ್ಕದಲ್ಲಿ ಇರುವುದನ್ನು ಗಮನಿಸಬೇಕು. ಪ್ರಮಾಣಪತ್ರದ ದಿನಾಂಕವೂ ದರದ ದಿನಾಂಕವೂ ಒಂದೇ ಆಗಿರಬೇಕೆಂದು ಲೆಕ್ಕಪರಿಶೋಧಕರು ಹೇಳಿದ್ದರಿಂದ ನಾವು ಇಬ್ಬರನ್ನೂ ಒಂದೇ ದಿನಕ್ಕೆ ಹೊಂದಿಸಿಕೊಂಡೆವು. ಸಂಪತ್ತಿನ ಪಟ್ಟಿಯಲ್ಲಿ ಒಡವೆಗಳು ನಮ್ಮ ಮನೆಯವರ ಹೆಸರಿನಲ್ಲಿ ಬರದೆ ನನ್ನ ಹೆಸರಿನಲ್ಲಿ ಬಂದವು. ಯಾರ ಸ್ವತ್ತೋ ಅವರ ಹೆಸರಿನಲ್ಲಿಯೇ ತೋರಿಸಬೇಕು.

ವಿಮೆಯ ವರದಿಗೆ ಲೆಕ್ಕದ ಆರಂಭ ಇದೇ, ಮುಂದಿನದು ಬೇರೆ. ವೀಸಾ ಅಧಿಕಾರಿ ಕೇಳುವುದು ಈ ಒಡವೆ ಇವತ್ತು ಎಷ್ಟು ಹಣಕ್ಕೆ ಸಮ ಎಂದು. ವಿಮೆ ಕೇಳುವುದು ಇದು ಕಳೆದುಹೋದರೆ ಇಂಥದ್ದನ್ನೇ ಮತ್ತೆ ಮಾಡಿಸಲು ಎಷ್ಟು ಬೇಕು ಎಂದು. ಮತ್ತೆ ಮಾಡಿಸುವುದೆಂದರೆ ಚಿನ್ನದ ಬೆಲೆಯ ಮೇಲೆ ಮಜೂರಿ ಬೀಳುತ್ತದೆ, ಎರಡರ ಮೇಲೂ ಶೇಕಡ 3 ಜಿಎಸ್‌ಟಿ ಬೀಳುತ್ತದೆ. ಬಳೆಗಳನ್ನೇ ನೋಡೋಣ: ಚಿನ್ನ 4,41,512 ರೂಪಾಯಿ, ಶೇಕಡ 10ರಂತೆ ಮಜೂರಿ 44,151, ಇವೆರಡರ ಮೇಲೆ ಜಿಎಸ್‌ಟಿ 14,570, ಒಟ್ಟು 5,00,233. ಮದುವೆಯ ಸರಕ್ಕೆ ಶೇಕಡ 12, ಕೈಕೆಲಸ ಹೆಚ್ಚಿರುವ ಹಾರಕ್ಕೆ ಶೇಕಡ 20, ಕರಿಮಣಿ ಸರಕ್ಕೆ ಶೇಕಡ 8 ಮಜೂರಿ ಹಾಕಿ, ಕೆಂಪುಗಳ 15,000 ಸೇರಿಸಿ, ತೆರಿಗೆಯನ್ನೂ ಕೂಡಿಸಿದಾಗ ನಾಲ್ಕಕ್ಕೂ ಸುಮಾರು 13,61,000 ರೂಪಾಯಿ ಆಯಿತು.

ಇದನ್ನು ನೋಡಿ ನಮ್ಮ ಮನೆಯವರು, ತಮ್ಮ ಡೈರಿಯ ಹದಿನಾಲ್ಕು ಲಕ್ಷವೂ ಹೆಚ್ಚುಕಡಿಮೆ ಸರಿಯೇ ಇತ್ತಲ್ಲ ಎಂದರು. ಮೊತ್ತ ಹತ್ತಿರವಿದ್ದುದು ಆಕಸ್ಮಿಕ; ಕಲ್ಲು, ಅರಗನ್ನು ಕಳೆಯದೆ, ಶುದ್ಧತೆಯನ್ನು ನೋಡದೆ ಹೋದ ತಪ್ಪನ್ನು ಮಜೂರಿ, ತೆರಿಗೆಗಳನ್ನು ಸೇರಿಸದೆ ಹೋದ ತಪ್ಪು ಮುಚ್ಚಿತ್ತು. ಆದರೆ ಕಳ್ಳತನದಲ್ಲಿ ನಾಲ್ಕೂ ಒಟ್ಟಿಗೇ ಹೋಗಬೇಕೆಂದಿಲ್ಲ. ಡೈರಿಯ ಲೆಕ್ಕದಂತೆ ವಿಮೆ ಮಾಡಿಸಿದ್ದರೆ ಬಳೆಗಳು ಮಾತ್ರ ಕಳೆದಾಗ ನಮಗೆ ಸುಮಾರು 59,000 ರೂಪಾಯಿ ಕಡಿಮೆ ಸಿಗುತ್ತಿತ್ತು. ಮದುವೆಯ ಸರಕ್ಕಾದರೋ 1,84,000 ಸಾಲುವ ಕಡೆ ಎರಡೂವರೆ ಲಕ್ಷಕ್ಕೆ ಪ್ರೀಮಿಯಂ ಕಟ್ಟುತ್ತಿದ್ದೆವು. ಒಡವೆಗೊಂದು ಸಾಲು, ಸಾಲಿಗೊಂದು ಛಾಯಾಚಿತ್ರ, ಅದರ ಒಟ್ಟು ತೂಕ, ನಿವ್ವಳ ತೂಕ, ಶುದ್ಧತೆ ಮತ್ತು ಬೆಲೆ, ಇಷ್ಟು ಇರುವ ಪಟ್ಟಿಯೇ ಬೇಕೆಂದು ಮೌಲ್ಯಮಾಪಕರು ಹಟ ಹಿಡಿದದ್ದು ಇದಕ್ಕಾಗಿ.

ವಿಮೆಯ ಷರತ್ತುಗಳನ್ನು ನಾನು ಅಕ್ಷರ ಬಿಡದೆ ಓದಿದೆ. ನಮ್ಮದು 2021ರ ಏಪ್ರಿಲ್‌ನಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಕೊಡುವ ಭಾರತ್ ಗೃಹ ರಕ್ಷಾ ಪಾಲಿಸಿ. ಅದರಲ್ಲಿ ಮನೆಯ ಸಾಮಾನುಗಳ ಮೂಲ ರಕ್ಷಣೆಗೆ ಒಡವೆ ಸೇರುವುದಿಲ್ಲ. ಬೆಲೆಬಾಳುವ ವಸ್ತುಗಳಿಗೆಂದೇ ಇರುವ ಐಚ್ಛಿಕ ರಕ್ಷಣೆಯನ್ನು, ಮೊದಲೇ ಒಪ್ಪಿಕೊಂಡ ಮೌಲ್ಯದ ಆಧಾರದಲ್ಲಿ, ಪಡೆಯಬೇಕು. ಒಟ್ಟು ಮೊತ್ತ 5 ಲಕ್ಷದೊಳಗಿದ್ದು ಯಾವ ಒಂದು ವಸ್ತುವೂ 1 ಲಕ್ಷ ಮೀರದಿದ್ದರೆ ಮೌಲ್ಯಮಾಪನ ಪ್ರಮಾಣಪತ್ರದಿಂದ ವಿನಾಯಿತಿ ಇದೆ, ನಮಗೆ ಅದು ಅನ್ವಯಿಸಲಿಲ್ಲ. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದು: ಮೂಲ ಪಾಲಿಸಿಯಲ್ಲಿ ಕಳ್ಳತನದ ರಕ್ಷಣೆ ಇರುವುದು ಬೆಂಕಿ, ನೆರೆ ಮುಂತಾದ ಅವಘಡ ನಡೆದು ಅದರಿಂದಾಗಿ ಏಳು ದಿನಗಳೊಳಗೆ ಕಳವಾದರೆ ಮಾತ್ರ. ಬೀಗ ಒಡೆದು ಕದ್ದರೆ ಹಣ ಬರಬೇಕಾದರೆ ಕನ್ನಗಳವಿನ ರಕ್ಷಣೆಯನ್ನು ಬೇರೆಯಾಗಿ ಕೊಳ್ಳಬೇಕು. ನಾವು ಕೊಂಡೆವು, ಒಡವೆ ಬ್ಯಾಂಕಿನ ಲಾಕರಿನಲ್ಲಿ ಇರುವಾಗಲೂ ಅದು ಅನ್ವಯಿಸುತ್ತದೆಯೇ ಎಂಬುದನ್ನು ಬರಹದಲ್ಲಿ ಕೇಳಿ ಉತ್ತರವನ್ನು ಪಾಲಿಸಿಯ ಜೊತೆಗೆ ಇಟ್ಟುಕೊಂಡೆವು. ಲಾಕರಿನಲ್ಲಿದ್ದರೆ ಬ್ಯಾಂಕೇ ಹೊಣೆ ಎಂದು ನಾನು ಭಾವಿಸಿದ್ದೆ. 2022ರ ಜನವರಿಯಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಬೆಂಕಿ, ಕಳ್ಳತನ, ಕಟ್ಟಡ ಕುಸಿತ ಅಥವಾ ಸಿಬ್ಬಂದಿಯ ವಂಚನೆಯಾದಾಗ ಬ್ಯಾಂಕಿನ ಹೊಣೆಗಾರಿಕೆ ಲಾಕರಿನ ವಾರ್ಷಿಕ ಬಾಡಿಗೆಯ ನೂರು ಪಟ್ಟು. ನಮ್ಮ ಬಾಡಿಗೆ 4,000 ರೂಪಾಯಿ, ಅಂದರೆ 4 ಲಕ್ಷ.

ಈ ನಡುವೆ ತಮ್ಮ ಫೋನ್ ಮಾಡಿ, "ಅಕ್ಕಾ, ಅದೇ ಮೌಲ್ಯಮಾಪಕರ ಹತ್ತಿರ ನನ್ನ ಪಾಲಿಗೆ ಬಂದ ಒಡವೆಗೂ ಬರೆಸಿಕೊಡು, ರಿಟರ್ನ್ಸ್‌ನಲ್ಲಿ ತೋರಿಸಬೇಕು," ಎಂದ. ಅವನ ಆದಾಯ ವರ್ಷಕ್ಕೆ ಒಂದು ಕೋಟಿಯನ್ನು ದಾಟುತ್ತದೆ, ಹಾಗಾಗಿ ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ಆಸ್ತಿ ಮತ್ತು ಸಾಲಗಳ ಅನುಸೂಚಿಯನ್ನು ಅವನು ತುಂಬಲೇಬೇಕು. ಹಿಂದೆ 50 ಲಕ್ಷವಿದ್ದ ಮಿತಿಯನ್ನು 2025-26ನೆಯ ತೆರಿಗೆ ನಿರ್ಧಾರಣಾ ವರ್ಷದಿಂದ ಒಂದು ಕೋಟಿಗೆ ಏರಿಸಲಾಗಿದೆ. ಆದರೆ ಆ ಅನುಸೂಚಿ ಕೇಳುವುದು ಇಂದಿನ ಬೆಲೆಯನ್ನಲ್ಲ, ಕೊಂಡ ಬೆಲೆಯನ್ನು. ತಾಯಿಯಿಂದ ಬಂದದ್ದಾದರೆ ತಾಯಿಗೆ ಆದ ವೆಚ್ಚ. ಅದು ಗೊತ್ತಾಗುವಂತಿಲ್ಲದಿದ್ದರೆ, ಅದರ ಬಗ್ಗೆ ಸಂಪತ್ತು ತೆರಿಗೆಯ ರಿಟರ್ನ್ಸ್ ಕೂಡ ಸಲ್ಲಿಸಿರದಿದ್ದರೆ, ತಮ್ಮನ ಕೈಗೆ ಬಂದ ದಿನದ ಚಿನ್ನದ ದರದಂತೆ ಅಂದಾಜು. ಅಮ್ಮ ತೀರಿಕೊಂಡದ್ದು 2019ರ ಆಗಸ್ಟಿನಲ್ಲಿ, ಆಗ 24 ಕ್ಯಾರೆಟ್ ದರ ಗ್ರಾಮಿಗೆ ನಾಲ್ಕು ಸಾವಿರಕ್ಕೂ ಕಡಿಮೆ ಇತ್ತು. ಅವನಿಗೆ ಬೇಕಾದದ್ದು ಮೌಲ್ಯಮಾಪಕರ ವರದಿಯಿಂದ ನಿವ್ವಳ ತೂಕ ಮತ್ತು ಶುದ್ಧತೆ ಮಾತ್ರ, ದರ ಅಂದಿನದು. ಇಂದಿನ ಮೊತ್ತವನ್ನು ಅಲ್ಲಿ ಬರೆದಿದ್ದರೆ, ಎರಡು ಪಟ್ಟಿಗಿಂತ ಹೆಚ್ಚಿನ ಬೆಲೆ ಕೊಟ್ಟು ಒಡವೆ ಕೊಂಡಂತೆ ಕಾಣಿಸಿ ಅದರ ಹಣದ ಮೂಲವನ್ನು ಅವನು ವಿವರಿಸಬೇಕಾಗುತ್ತಿತ್ತು.

ಮಗಳ ವೀಸಾ ಆಗಸ್ಟಿನಲ್ಲಿ ಬಂತು. ವಿಮೆಯ ಕಡತವನ್ನು ನಾನು ಮತ್ತೆ ತೆರೆದದ್ದು ದೀಪಾವಳಿಯ ಹೊತ್ತಿಗೆ, ಅಷ್ಟರಲ್ಲಿ 24 ಕ್ಯಾರೆಟ್ ದರ ಗ್ರಾಮಿಗೆ 12,500 ದಾಟಿತ್ತು. ಒಪ್ಪಿಕೊಂಡ ಮೌಲ್ಯದ ಪಾಲಿಸಿಯಲ್ಲಿ ಮೊತ್ತ ತಾನಾಗಿ ಏರುವುದಿಲ್ಲ; ಜುಲೈಯಲ್ಲಿ 5 ಲಕ್ಷಕ್ಕೆ ಬರೆಸಿದ್ದ ಬಳೆಗಳಿಗೆ ಅದೇ ಲೆಕ್ಕದಲ್ಲಿ ಈಗ 6,25,000 ಬೇಕಾಗಿತ್ತು. ಮೌಲ್ಯಮಾಪಕರಿಗೆ ಫೋನ್ ಮಾಡಿದಾಗ, ತೂಕ ಮತ್ತು ಶುದ್ಧತೆ ಬದಲಾಗಿಲ್ಲವಾದ್ದರಿಂದ ಒಡವೆಗಳನ್ನು ಮತ್ತೆ ತರಬೇಕಾಗಿಲ್ಲ, ಹೊಸ ದರ ಹಾಕಿ ವರದಿಯನ್ನು ಬರೆದುಕೊಡುತ್ತೇನೆ ಎಂದರು. ವಿಮಾ ಕಂಪನಿ ಅವಧಿಯ ನಡುವೆಯೇ ಮೊತ್ತವನ್ನು ಏರಿಸಿ, ಉಳಿದ ತಿಂಗಳುಗಳಿಗೆ ಹೆಚ್ಚುವರಿ ಪ್ರೀಮಿಯಂ ಪಡೆದು, ತಿದ್ದುಪಡಿಯ ಪತ್ರವನ್ನು ಕಳಿಸಿತು. ಅದನ್ನು 1989ರ ಚೀಟಿಯ ಜೊತೆಗೆ ಒಂದೇ ಲಕೋಟೆಯಲ್ಲಿ ಹಾಕಿಟ್ಟಿದ್ದೇನೆ.